ಏಕತ್ವವೂ ಒಂಟಿತನವೂ

ದ್ವಾದಶಾನುಪ್ರೇಕ್ಷೆಗಳಲ್ಲಿ ನಾಲ್ಕನೆಯದು ಏಕತ್ವಭಾವನೆ. ಜೀವನು ಒಬ್ಬನೇ ಹುಟ್ಟುತ್ತಾನೆ, ಒಬ್ಬನೇ ಕರ್ಮಫಲವನ್ನು ಉಣ್ಣುತ್ತಾನೆ ಎಂಬುದು ಅದರ ಚಿಂತನೆ. ಒಂಟಿತನವಾದರೋ ಇಷ್ಟವಿಯೋಗದಿಂದ ಹುಟ್ಟುವ ಆರ್ತಧ್ಯಾನ.

ಪತ್ನೀವಿಯೋಗವಾದ ವರ್ತಕರೊಬ್ಬರಿಗೆ ಅಂಗಡಿ ಮುಚ್ಚಿದ ಭಾನುವಾರ ದುಸ್ಸಹವಾಗಿತ್ತು. ಅಂದು ಅವರು 48 ನಿಮಿಷಗಳ ಸಾಮಾಯಿಕಕ್ಕೆ ಕುಳಿತುಕೊಳ್ಳತೊಡಗಿದರು. ಮೊದಮೊದಲು ಮನಸ್ಸು ಬಾಗಿಲ ಸದ್ದಿಗೇ ಹರಿಯುತ್ತಿತ್ತು, ಪಾಠ ಮರೆಯುತ್ತಿತ್ತು. ತತ್ತ್ವಾರ್ಥಸೂತ್ರವು ಹೇಳುವ ಸಾಮಾಯಿಕದ ಐದು ಅತಿಚಾರಗಳಲ್ಲಿ ಇವು ಮನೋದುಷ್ಪ್ರಣಿಧಾನ ಮತ್ತು ಸ್ಮೃತ್ಯನುಪಸ್ಥಾನ. ಅವರು ಅವಧಿಯನ್ನು ಮೊಟಕುಗೊಳಿಸದೆ, ಮನಸ್ಸು ಯಾರನ್ನು ಕಾಯುತ್ತಿದೆಯೆಂದು ಕಂಡುಕೊಂಡು ಮತ್ತೆ ಪಾಠಕ್ಕೆ ಮರಳುತ್ತಿದ್ದರು. ಕ್ರಮೇಣ ಮಧ್ಯಾಹ್ನದ ಸ್ವಾಧ್ಯಾಯಕ್ಕೆ ಹೊತ್ತೇ ಸಾಲದಾಯಿತು.

ಯಾರೂ ಬಾರದಾಗ ಕೊರಗಿದರೆ ಅದು ಒಂಟಿತನ. ಬಂದವರನ್ನು ಕಂಡು ಬೇಸರಿಸಿದರೆ ಅದು ಏಕಾಂತವಲ್ಲ, ದ್ವೇಷ. ಎರಡರಲ್ಲಿಯೂ ಸಮಭಾವವಿದ್ದಾಗಲೇ ಸಾಮಾಯಿಕ ಫಲಿಸಿದಂತೆ.